ಪರದೇಶದ ಚಿಲ್ಲರೆ

ಉತ್ತರ ಕನ್ನಡ ಜಿಲ್ಲೆಯ ಮುಂಡಗೋಡ ತಾಲೂಕು ಮಲೆನಾಡು ಮುಗಿದು ಬಯಲುಸೀಮೆ ತೊಡಗುವ ಎಡೆಯಲ್ಲಿದೆ. ಭತ್ತ, ಗೋವಿನಜೋಳ ಬೆಳೆಯುವ ಹೊಲಗಳು, ನಡುನಡುವೆ ಕೆರೆಗಳು, ಪಡುವಣ ದಿಕ್ಕಿಗೆ ಕಾಡು. ಚಿಗಳ್ಳಿ ಈ ತಾಲೂಕಿನ ಒಂದು ಹಳ್ಳಿ. ಇಂತಹ ಒಕ್ಕಲುತನದ ನಾಡಿನಲ್ಲಿ ಪರದೇಶದ ನಾಣ್ಯಗಳು ಅಪರೂಪವಾಗಿರಬೇಕೆಂದು ಯಾರಿಗಾದರೂ ತೋರಬಹುದು. ಆದರೆ ಮುಂಡಗೋಡದ ಮಟ್ಟಿಗೆ ಹಾಗಿಲ್ಲ. 1966ರಲ್ಲಿ ಇಲ್ಲಿ ಟಿಬೆಟಿನ ನಿರಾಶ್ರಿತರಿಗೆ ನೆಲೆ ದೊರೆಯಿತು. ಗಾಂದೆನ್, ಡ್ರೆಪುಂಗ್ ಎಂಬ ಹೆಸರಾಂತ ಬೌದ್ಧ ವಿಹಾರಗಳು ಇಲ್ಲಿ ಮತ್ತೆ ತಲೆಯೆತ್ತಿದವು. ಸುತ್ತಲಿನ ಜನರು ‘ಟಿಬೆಟಿಯನ್ ಕ್ಯಾಂಪು’ ಎಂದು ಕರೆಯುವ ಈ ನೆಲೆಯಿಂದ ಹಲವರು ಹೊರದೇಶಗಳಿಗೆ ಹೋಗಿ ನೆಲೆಸಿದ್ದಾರೆ. ಹೊರದೇಶದವರೂ ವಿಹಾರಗಳನ್ನು ನೋಡಲು ಬರುತ್ತಾರೆ. ಇತ್ತ ತಾಲೂಕಿನ ಒಕ್ಕಲು ಮನೆಗಳ ಮಕ್ಕಳೂ ಓದಿ, ಉದ್ಯೋಗಕ್ಕಾಗಿ ಕಡಲಾಚೆಗೆ ಹೋಗುತ್ತಿದ್ದಾರೆ. ಅವರನ್ನು ನೋಡಿಬರಲೆಂದು ತಂದೆತಾಯಿಗಳೂ ಒಮ್ಮೆ ವಿಮಾನವೇರುತ್ತಾರೆ.

ಹೀಗೆ ಹೋಗಿಬಂದವರ ಮನೆಯಲ್ಲಿ ಒಂದು ಸಂಗತಿ ತಪ್ಪದೆ ಕಾಣಸಿಗುತ್ತದೆ. ಗೋಡೆಯ ಗೂಡಿನಲ್ಲಿಯೋ, ದೇವರ ಮುಂದಿನ ತಟ್ಟೆಯಲ್ಲಿಯೋ, ಮಕ್ಕಳ ಆಟಿಕೆಯ ಡಬ್ಬಿಯಲ್ಲಿಯೋ ಒಂದು ಹಿಡಿ ಪರದೇಶದ ನಾಣ್ಯಗಳು ಬಿದ್ದಿರುತ್ತವೆ. ಅವುಗಳ ಜೊತೆಗೆ ಅಂಚು ಹರಿದ ಒಂದೆರಡು ನೋಟುಗಳೂ ಇರುತ್ತವೆ. ಅಲ್ಲಿ ಅನ್ನ ಕೊಡುತ್ತಿದ್ದ ಹಣ ಇಲ್ಲಿ ಆಟಿಕೆಯಾಗಿರುತ್ತದೆ. ಇವಕ್ಕೆ ಬೆಲೆ ಉಂಟೆ? ಉಂಟೆಂದಾದರೆ ಹಣ ಬದಲಿಸುವವನು ಅವನ್ನು ಏಕೆ ಹಿಂದಕ್ಕೆ ತಳ್ಳುತ್ತಾನೆ? ಇಲ್ಲವೆಂದಾದರೆ ನಿನ್ನೆ ಮೊನ್ನೆಯವರೆಗೆ ಇದ್ದ ಬೆಲೆ ಎಲ್ಲಿ ಹೋಯಿತು?

ಈ ಪ್ರಶ್ನೆಗಳಿಗೆ ಉತ್ತರವನ್ನು ಒಂದು ಉದಾಹರಣೆಯ ಮೂಲಕ ಹುಡುಕಬಹುದು. ಚಿಗಳ್ಳಿಯ ರೈತ ದಂಪತಿಗಳು ಜರ್ಮನಿಯಲ್ಲಿ ಉದ್ಯೋಗದಲ್ಲಿರುವ ಮಗನ ಮನೆಯಲ್ಲಿ ಎರಡು ತಿಂಗಳಿದ್ದು ಹಿಂತಿರುಗಿದರೆಂದು ಭಾವಿಸಿಕೊಳ್ಳಿರಿ. ಜರ್ಮನಿಯ ಹಣ ಯೂರೋ. ಸುಮಾರು ಇಪ್ಪತ್ತು ದೇಶಗಳಿಗೆ ಅದೇ ಹಣ ಸಾಮಾನ್ಯವಾದುದು. ಒಂದು ಯೂರೋವಿಗೆ ನೂರು ಸೆಂಟ್‌ಗಳು. ಮನೆಗೆ ಬಂದು ಚೀಲವನ್ನು ಬರಿದುಮಾಡಿದಾಗ ಅವರಿಗೆ ಸಿಕ್ಕಿದುದು ಇಷ್ಟು: ಚೆನ್ನಾಗಿರುವ 50 ಯೂರೋವಿನ ಒಂದು ನೋಟು ಮತ್ತು 20 ಯೂರೋವಿನ ಒಂದು ನೋಟು, ಒಂದು ಮೂಲೆ ಹರಿದುಹೋದ 10 ಯೂರೋವಿನ ನೋಟು, ನಡುವೆ ಎರಡಾಗಿ ಹರಿದು ಅಂಟುಪಟ್ಟಿಯಿಂದ ಕೂಡಿಸಿದ 5 ಯೂರೋವಿನ ನೋಟು, ಮತ್ತು 11 ಯೂರೋ 40 ಸೆಂಟ್‌ಗಳಷ್ಟು ಚಿಲ್ಲರೆ. ಒಟ್ಟು 96 ಯೂರೋ 40 ಸೆಂಟ್‌ಗಳು. ಯೂರೋವಿನ ದರ ದಿನದಿನಕ್ಕೂ ಏರಿಳಿಯುವುದರಿಂದ, ಲೆಕ್ಕದ ಅನುಕೂಲಕ್ಕಾಗಿ ಒಂದು ಯೂರೋವಿಗೆ 100 ರೂಪಾಯಿಯೆಂದು ಹಿಡಿಯಬಹುದು. ಆಗ ಅವರ ಚೀಲದಲ್ಲಿ ಉಳಿದುದು 9,640 ರೂಪಾಯಿ.

ಈ ಹಣವನ್ನು ಬದಲಿಸಿಕೊಳ್ಳಲು ರೈತರು ಹುಬ್ಬಳ್ಳಿಗೆ ಹೋಗುತ್ತಾರೆ. ಪರದೇಶದ ಹಣವನ್ನು ಕೊಳ್ಳುವ ಮತ್ತು ಮಾರುವ ವ್ಯವಹಾರವನ್ನು ಕಂಡಕಂಡವರು ಮಾಡುವಂತಿಲ್ಲ. ಅದಕ್ಕೆ ಭಾರತೀಯ ರಿಸರ್ವ್ ಬ್ಯಾಂಕಿನ ಪರವಾನಗಿ ಬೇಕು. ಪರವಾನಗಿ ಪಡೆದ ಬ್ಯಾಂಕುಗಳು ಮತ್ತು ಅಧಿಕೃತ ಹಣ ವಿನಿಮಯಗಾರರು ಮಾತ್ರ ಈ ಕೆಲಸ ಮಾಡಬಹುದು. ವಿನಿಮಯಗಾರನು ಮೊದಲು ಪಾಸ್‌ಪೋರ್ಟನ್ನು ನೋಡುತ್ತಾನೆ. ಆಮೇಲೆ ನೋಟುಗಳನ್ನು ಒಂದೊಂದಾಗಿ ಬೆಳಕಿಗೆ ಹಿಡಿಯುತ್ತಾನೆ, ಬೆರಳಿನಿಂದ ಸವರುತ್ತಾನೆ, ಅಂಚುಗಳನ್ನು ಪರೀಕ್ಷಿಸುತ್ತಾನೆ. ಕಡೆಗೆ 50ರ ನೋಟನ್ನೂ 20ರ ನೋಟನ್ನೂ ತನ್ನ ಕಡೆಗೆ ಎಳೆದುಕೊಂಡು, ಉಳಿದುದೆಲ್ಲವನ್ನೂ ರೈತರ ಕಡೆಗೆ ಸರಿಸುತ್ತಾನೆ.

“ಇವೆರಡನ್ನು ತೆಗೆದುಕೊಳ್ಳುತ್ತೇನೆ ಯಜಮಾನರೇ. ಹರಿದ ನೋಟು, ಚಿಲ್ಲರೆ ನಮಗೆ ನಡೆಯುವುದಿಲ್ಲ.”

“ಇವೂ ಅದೇ ಸರಕಾರದ ಹಣವಲ್ಲವೇನ್ರಿ? ಅಲ್ಲಿ ಅಂಗಡಿಯವರೇ ಕೊಟ್ಟದ್ದು!”

“ಖೋಟಾ ಹಣವೆಂದು ನಾನು ಹೇಳಲಿಲ್ಲ. ನಾನು ಕೊಂಡರೆ ನನ್ನಿಂದ ಕೊಳ್ಳುವವರು ಯಾರೂ ಇಲ್ಲ.”

ವಿನಿಮಯಗಾರನ ಈ ಕೊನೆಯ ಮಾತಿನಲ್ಲಿಯೇ ಇಡೀ ವಿಷಯದ ಗುಟ್ಟು ಅಡಗಿದೆ. ನೋಟು ಎಂಬುದು ಅದನ್ನು ಹೊರಡಿಸಿದ ಬ್ಯಾಂಕು ಬರೆದುಕೊಟ್ಟ ಒಂದು ಮಾತು. ಆ ಮಾತನ್ನು ನಡೆಸಿಕೊಡಬೇಕಾದ ಹೊಣೆ ಆ ಬ್ಯಾಂಕಿನದು. ಭಾರತದ ನೋಟಿಗೆ ರಿಸರ್ವ್ ಬ್ಯಾಂಕು, ಯೂರೋವಿಗೆ ಯೂರೋಪಿನ ಕೇಂದ್ರ ಬ್ಯಾಂಕುಗಳು, ಪೌಂಡಿಗೆ ಬ್ಯಾಂಕ್ ಆಫ್ ಇಂಗ್ಲೆಂಡ್ ಹೊಣೆಗಾರರು. ವಿನಿಮಯಗಾರನು ಇವರಲ್ಲಿ ಯಾರೂ ಅಲ್ಲ. ಅವನು ಒಬ್ಬ ವ್ಯಾಪಾರಿ. ಪರದೇಶದ ನೋಟು ಅವನಿಗೆ ಒಂದು ಸರಕು. ಇಂದು ಒಬ್ಬರಿಂದ ಕೊಂಡು, ನಾಳೆ ಇನ್ನೊಬ್ಬರಿಗೆ ಮಾರಬೇಕು. ಮಾರಿಹೋಗುವುದನ್ನು ಮಾತ್ರ ಅವನು ಕೊಳ್ಳುತ್ತಾನೆ. ಆದುದರಿಂದ ವಿನಿಮಯಗಾರನು ಬೇಡವೆಂದ ಹಣಕ್ಕೆ ಬೆಲೆಯೇ ಇಲ್ಲವೆಂದು ತಿಳಿಯಬಾರದು. ಬೆಲೆ ಉಂಟು, ಆದರೆ ಅದು ದೊರೆಯುವ ಸ್ಥಳ ಬೇರೆ.

ಮೊದಲು ಅವನು ತೆಗೆದುಕೊಂಡ ಎರಡು ನೋಟುಗಳ ಲೆಕ್ಕವನ್ನು ನೋಡಬಹುದು. ಮಳಿಗೆಯ ಫಲಕದಲ್ಲಿ ಪ್ರತಿಯೊಂದು ದೇಶದ ಹಣಕ್ಕೂ ಎರಡು ದರಗಳಿರುತ್ತವೆ. ಒಂದು ಅವನು ಕೊಳ್ಳುವ ದರ, ಇನ್ನೊಂದು ಅವನು ಮಾರುವ ದರ. ಪೇಟೆಯ ದರ 100 ಆಗಿರುವಾಗ ಅವನು 97ಕ್ಕೆ ಕೊಂಡು 103ಕ್ಕೆ ಮಾರುತ್ತಾನೆಂದು ಇಟ್ಟುಕೊಳ್ಳಿರಿ. ಈ ಅಂತರವೇ ಅವನ ಸಂಪಾದನೆ. 70 ಯೂರೋಗಳಿಗೆ 97ರಂತೆ 6,790 ರೂಪಾಯಿಯಾಯಿತು. ಇದರಲ್ಲಿ ಸರಕು ಮತ್ತು ಸೇವಾ ತೆರಿಗೆ ಕಳೆಯಬೇಕು. ಈ ತೆರಿಗೆಯ ಲೆಕ್ಕಕ್ಕೆ ಸಾಮಾನ್ಯವಾಗಿ ಅನುಸರಿಸುವ ಕ್ರಮ ಹೀಗಿದೆ: ಸಣ್ಣ ವಿನಿಮಯಗಳಲ್ಲಿ ಸೇವೆಯ ಬೆಲೆಯನ್ನು ಕನಿಷ್ಠ 250 ರೂಪಾಯಿಯೆಂದು ಹಿಡಿದು, ಅದರ ಮೇಲೆ ಶೇಕಡಾ 18ರಂತೆ 45 ರೂಪಾಯಿ ತೆರಿಗೆ ಹಾಕುತ್ತಾರೆ. 25,000 ರೂಪಾಯಿಯವರೆಗೆ ಎಷ್ಟೇ ಬದಲಿಸಿದರೂ ತೆರಿಗೆ ಅಷ್ಟೇ. ರೈತರ ಕೈಗೆ ಬಂದುದು 6,745 ರೂಪಾಯಿ. 7,000 ರೂಪಾಯಿ ಬೆಲೆಯ ನೋಟುಗಳಲ್ಲಿ 255 ರೂಪಾಯಿ ದಾರಿಯಲ್ಲಿ ಸೋರಿತು.

ಈ ಸೋರಿಕೆಯಲ್ಲಿ ಗಮನಿಸಬೇಕಾದ ಅಂಶವೊಂದುಂಟು. ದರದ ಅಂತರವು ಹಣ ಕಡಿಮೆಯಾದಂತೆ ಕಡಿಮೆಯಾಗುತ್ತದೆ. ಆದರೆ ಕನಿಷ್ಠ ತೆರಿಗೆ ಕಡಿಮೆಯಾಗುವುದಿಲ್ಲ. 5 ಯೂರೋವಿನ ಒಂದೇ ನೋಟನ್ನು ಬದಲಿಸಲು ಹೋದವನಿಗೆ 485 ರೂಪಾಯಿಯಲ್ಲಿ 45 ರೂಪಾಯಿ ತೆರಿಗೆ ಕಳೆದು 440 ಮಾತ್ರ ಸಿಗುತ್ತದೆ. ಹುಬ್ಬಳ್ಳಿಗೆ ಹೋಗಿಬರುವ ಬಸ್ಸಿನ ವೆಚ್ಚವನ್ನೂ ಅದರಿಂದಲೇ ಕಳೆಯಬೇಕು. ಉಳಿದ ನೋಟುಗಳನ್ನು ಒಟ್ಟುಗೂಡಿಸಿ ಒಂದೇ ಸಲ ಬದಲಿಸುವುದೇ ಲೇಸು. ಕೊಡುವಾಗ ರಶೀದಿಯನ್ನು ಕೇಳಿ ಪಡೆಯಬೇಕು. ಯಾವ ದರದಲ್ಲಿ ಎಷ್ಟು ಬದಲಾಯಿತೆಂಬುದಕ್ಕೆ ಅದೊಂದೇ ಆಧಾರ.

ಇನ್ನು ನಾಣ್ಯಗಳ ವಿಷಯ. ವಿನಿಮಯಗಾರನು ನಾಣ್ಯವನ್ನು ಒಲ್ಲದಿರಲು ಮುಖ್ಯ ಕಾರಣ ಅದರ ತೂಕ. ಕೊಂಡ ನೋಟುಗಳಲ್ಲಿ ಊರಿನಲ್ಲಿಯೇ ಮಾರಾಟವಾಗದೆ ಉಳಿದವು ದೊಡ್ಡ ವ್ಯಾಪಾರಿಗಳ ಕೈಗೂ, ಅಲ್ಲಿಂದ ವಿಮಾನದಲ್ಲಿ ಹೊರದೇಶದ ಬ್ಯಾಂಕುಗಳಿಗೂ ಹೋಗುತ್ತವೆ. ಸಾಗಣೆಯ ಕೂಲಿಯೂ ವಿಮೆಯೂ ಈ ದಾರಿಯಲ್ಲಿ ತಗಲುತ್ತವೆ. ಅಮೆರಿಕದ ಹಣದಿಂದ ಇದನ್ನು ಸುಲಭವಾಗಿ ಲೆಕ್ಕ ಹಾಕಬಹುದು. ಅಲ್ಲಿನ ನೋಟು, ಒಂದು ಡಾಲರಿನದಾಗಲಿ ನೂರು ಡಾಲರಿನದಾಗಲಿ, ಸುಮಾರು ಒಂದು ಗ್ರಾಂ ತೂಗುತ್ತದೆ. ಕಾಲು ಡಾಲರಿನ ನಾಣ್ಯ 5.67 ಗ್ರಾಂ ತೂಗುತ್ತದೆ. ನೂರು ಡಾಲರಿಗೆ ಇಂತಹ 400 ನಾಣ್ಯಗಳು ಬೇಕು. ಅವುಗಳ ತೂಕ ಎರಡೂಕಾಲು ಕಿಲೋಗ್ರಾಂಗಿಂತ ತುಸು ಹೆಚ್ಚು. ಒಂದು ಗ್ರಾಂ ಕಾಗದ ಹೊರುವ ಬೆಲೆಯನ್ನು ಎರಡೂಕಾಲು ಕಿಲೋಗ್ರಾಂ ಲೋಹ ಹೊರಬೇಕಾಯಿತು! ಅವನ್ನು ಎಣಿಸಬೇಕು, ದೇಶವಾರು ಬೇರ್ಪಡಿಸಬೇಕು, ಚಲಾವಣೆ ನಿಂತವನ್ನು ಆರಿಸಿ ತೆಗೆಯಬೇಕು. ಈ ದುಡಿಮೆಯ ಖರ್ಚು ನಾಣ್ಯದ ಬೆಲೆಯನ್ನೇ ನುಂಗಿಬಿಡುತ್ತದೆ.

ಹಿಂದಿನ ಕಾಲದಲ್ಲಿ ಸ್ಥಿತಿ ಹೀಗಿರಲಿಲ್ಲ. ಪೇಟೆಯ ಚಿನಿವಾರನು ಯಾವ ರಾಜನ ಹೊನ್ನಾದರೂ ಹಿಂಜರಿಯದೆ ತೆಗೆದುಕೊಳ್ಳುತ್ತಿದ್ದನು. ಒರೆಗಲ್ಲಿಗೆ ತಿಕ್ಕಿ, ತಕ್ಕಡಿಯಲ್ಲಿ ತೂಗಿ, ಇಷ್ಟು ಬೆಲೆಯೆಂದು ಹೇಳುತ್ತಿದ್ದನು. ನಾಣ್ಯದ ಬೆಲೆ ಅದರ ಚಿನ್ನದಲ್ಲಿಯೇ ಇದ್ದುದರಿಂದ ಅದು ಯಾವ ಗಡಿಯನ್ನು ದಾಟಿದರೂ ಬೆಲೆ ಅದರ ಜೊತೆಯಲ್ಲಿಯೇ ಬರುತ್ತಿತ್ತು. ಚಿನ್ನಬೆಳ್ಳಿಯ ಮಾರುಕಟ್ಟೆಗೆ ಪತ್ರಿಕೆಗಳು ‘ಚಿನಿವಾರ ಪೇಟೆ’ ಎನ್ನುವುದು ಆ ಕಾಲದ ನೆನಪಿನಿಂದಲೇ. ಇಂದಿನ ನಾಣ್ಯದಲ್ಲಿರುವುದು ತಾಮ್ರ, ನಿಕ್ಕಲ್ಲು, ಉಕ್ಕು ಮುಂತಾದ ಅಗ್ಗದ ಲೋಹಗಳು. ಅದರ ಮೇಲೆ ಅಚ್ಚೊತ್ತಿರುವ ಬೆಲೆಗೂ ಒಳಗಿರುವ ಲೋಹದ ಬೆಲೆಗೂ ಸಂಬಂಧವಿಲ್ಲ. ಅಚ್ಚಿನ ಬೆಲೆಯನ್ನು ಆ ದೇಶದ ಕಾನೂನು ಕೊಟ್ಟಿದೆ; ಆ ದೇಶದ ಗಡಿಯಾಚೆಗೆ ಆ ಕಾನೂನು ನಡೆಯುವುದಿಲ್ಲ. ಗಡಿ ದಾಟಿದ ನಾಣ್ಯದಲ್ಲಿ ಲೋಹ ಉಳಿಯುತ್ತದೆ, ಬೆಲೆ ಹಿಂದೆಯೇ ನಿಲ್ಲುತ್ತದೆ.

ರೈತರ ಚೀಲದಲ್ಲಿದ್ದ ಚಿಲ್ಲರೆಯನ್ನು ಎಣಿಸಿದರೆ, ಎರಡು ಯೂರೋವಿನ ಮೂರು, ಒಂದು ಯೂರೋವಿನ ನಾಲ್ಕು, 50 ಸೆಂಟಿನ ಎರಡು ಮತ್ತು 20 ಸೆಂಟಿನ ಎರಡು ನಾಣ್ಯಗಳಿದ್ದವು. ಹನ್ನೊಂದೇ ನಾಣ್ಯಗಳು, ಸುಮಾರು 83 ಗ್ರಾಂ ತೂಕ. ಆದರೆ ಬೆಲೆ 1,140 ರೂಪಾಯಿ. ನಮ್ಮ ದೇಶದಲ್ಲಿ ಹನ್ನೊಂದು ನಾಣ್ಯಗಳನ್ನು ಮರೆತು ಬಂದರೆ ಹೆಚ್ಚೇನೂ ಹೋಗುವುದಿಲ್ಲ. ಯೂರೋವಿನಲ್ಲಿ ಅತಿ ಸಣ್ಣ ನೋಟು ಐದು ಯೂರೋವಿನದು. ಅದಕ್ಕಿಂತ ಕೆಳಗಿನದೆಲ್ಲವೂ ನಾಣ್ಯವೇ. ‘ಚಿಲ್ಲರೆ’ ಎಂಬ ಮಾತು ಇಲ್ಲಿಂದ ಹೋದವರನ್ನು ಮೋಸಗೊಳಿಸುವುದು ಈ ಕಾರಣದಿಂದ. ಕೈಯಲ್ಲಿರುವುದು ಪುಡಿಕಾಸೆಂದು ಅವರು ಅಂಗಡಿಯಲ್ಲಿ ಪ್ರತಿಸಲವೂ ನೋಟನ್ನೇ ಕೊಡುತ್ತಾರೆ, ಪ್ರತಿಸಲವೂ ಇನ್ನಷ್ಟು ನಾಣ್ಯಗಳು ಕೂಡುತ್ತವೆ.

ನಾಣ್ಯಕ್ಕೆ ಮದ್ದು ಊರಿಗೆ ಬಂದ ಮೇಲೆ ಇಲ್ಲ. ಹೊರಡುವ ಮೊದಲೇ ಇದೆ. ಕೊನೆಯ ನಾಲ್ಕೈದು ದಿನ ನಾಣ್ಯಗಳಿಂದಲೇ ಖರ್ಚು ನಡೆಸಬೇಕು. ಕೊನೆಯ ಖರೀದಿಯಲ್ಲಿ ಮೊದಲು ನಾಣ್ಯಗಳನ್ನೆಲ್ಲ ಎಣಿಸಿಕೊಟ್ಟು, ಸಾಲದೆ ಬಂದುದನ್ನು ಮಾತ್ರ ನೋಟಿನಿಂದ ತುಂಬಬೇಕು. ಅಲ್ಲಿಯೇ ಇರುವ ಮಗನಿಗೆ ನಾಣ್ಯಗಳನ್ನು ಕೊಟ್ಟು ಅವನಿಂದ ನೋಟು ಪಡೆಯುವುದು ಇನ್ನೂ ಸುಲಭ. ಇಷ್ಟಾದರೂ ಉಳಿದರೆ ದಾನದ ದಾರಿಯೊಂದಿದೆ. ವಿಶ್ವಸಂಸ್ಥೆಯ ಮಕ್ಕಳ ನಿಧಿಯಾದ ಯುನಿಸೆಫ್, 1987ರಲ್ಲಿ ವಿಮಾನ ಸಂಸ್ಥೆಗಳೊಡನೆ ಕೂಡಿ ‘ಚೇಂಜ್ ಫಾರ್ ಗುಡ್’ ಎಂಬ ಯೋಜನೆಯನ್ನು ಆರಂಭಿಸಿತು. ಪ್ರಯಾಣಿಕರ ಬಳಿ ಉಳಿದ ಪರದೇಶದ ಚಿಲ್ಲರೆಯನ್ನು ವಿಮಾನದಲ್ಲಿಯೇ ಲಕೋಟೆಯಲ್ಲಿ ಸಂಗ್ರಹಿಸಿ ಮಕ್ಕಳ ನೆರವಿಗೆ ಬಳಸುವುದು ಅದರ ಕ್ರಮ. ಒಬ್ಬನ ಜೇಬಿನ ಎರಡು ನಾಣ್ಯಗಳನ್ನು ಸಾಗಿಸುವುದು ನಷ್ಟ. ಸಾವಿರಾರು ಜನರ ನಾಣ್ಯಗಳು ಒಂದೆಡೆ ಕೂಡಿದಾಗ ಅವನ್ನು ಬೇರ್ಪಡಿಸಿ ಆಯಾ ದೇಶಕ್ಕೆ ಮುಟ್ಟಿಸುವ ಶ್ರಮಕ್ಕೆ ಅರ್ಥ ಬರುತ್ತದೆ.

ಈಗ ಹರಿದ ನೋಟುಗಳಿಗೆ ಬರಬಹುದು. ಇಲ್ಲಿ ತೂಕದ ತೊಂದರೆಯಿಲ್ಲ, ನಂಬಿಕೆಯ ತೊಂದರೆಯಿದೆ. ನೋಟಿನಲ್ಲಿ ನೀರಚ್ಚು, ಭದ್ರತೆಯ ಎಳೆ, ಹೊಳೆಯುವ ಪಟ್ಟಿ ಮುಂತಾದ ಗುರುತುಗಳಿರುತ್ತವೆ. ನೋಟು ನಿಜವಾದುದೆಂದು ತಿಳಿಯುವುದು ಇವುಗಳಿಂದ. ಹರಿದ ಭಾಗದ ಜೊತೆಗೆ ಇಂತಹ ಗುರುತೊಂದು ಹೋಗಿದ್ದರೆ ಪರೀಕ್ಷೆ ಪೂರ್ಣವಾಗುವುದಿಲ್ಲ. ಅಂಟುಪಟ್ಟಿ ಹಚ್ಚಿದ ನೋಟಿನಲ್ಲಿ ಇನ್ನೊಂದು ಅನುಮಾನ: ಎರಡು ಭಾಗಗಳೂ ಒಂದೇ ನೋಟಿನವೆ, ಅಥವಾ ಬೇರೆ ಬೇರೆ ನೋಟುಗಳ ತುಂಡುಗಳನ್ನು ಜೋಡಿಸಿದ್ದಾರೆಯೆ? ವಿನಿಮಯಗಾರನು ಇಂತಹ ನೋಟನ್ನು ಕೊಂಡರೆ ಮುಂದಿನ ವ್ಯಾಪಾರಿ ಅದನ್ನು ಹಿಂದಿರುಗಿಸುತ್ತಾನೆ, ನಷ್ಟ ಇವನ ತಲೆಗೆ ಬರುತ್ತದೆ. ಈ ಭಯ ಎಷ್ಟೆಂದರೆ, ಹರಿಯದ ನೋಟನ್ನು ಕೂಡ ಮೇಲೆ ಬರೆದಿದ್ದರೆ, ಮುದ್ರೆ ಒತ್ತಿದ್ದರೆ, ಬಹಳ ಹಳೆಯ ಮಾದರಿಯದಾಗಿದ್ದರೆ ಕೆಲವರು ಒಲ್ಲೆನ್ನುತ್ತಾರೆ, ಇಲ್ಲವೆ ಕಡಿಮೆ ದರ ಹೇಳುತ್ತಾರೆ. ಅಮೆರಿಕದ ಸರಕಾರ ತನ್ನ ಹಳೆಯ ಡಾಲರ್ ನೋಟುಗಳು ಇಂದಿಗೂ ಚಲಾವಣೆಗೆ ಯೋಗ್ಯವೆನ್ನುತ್ತದೆ. ಆದರೂ ಚಿಕ್ಕ ಮುಖಚಿತ್ರವಿರುವ ಹಳೆಯ ನೂರರ ನೋಟನ್ನು ಕಂಡರೆ ಇಲ್ಲಿನ ಹಲವು ವಿನಿಮಯಗಾರರು ಕೈ ಹಿಂತೆಗೆಯುತ್ತಾರೆ.

ಹಾಗಾದರೆ ರೈತರ ಬಳಿಯಿದ್ದ ಹರಿದ ನೋಟುಗಳ ಗತಿಯೇನು? ಅವನ್ನು ಹೊರಡಿಸಿದವರ ನಿಯಮ ಸ್ಪಷ್ಟವಾಗಿದೆ. ಯೂರೋ ನೋಟಿನ ಅರ್ಧಕ್ಕಿಂತ ಹೆಚ್ಚು ಭಾಗವನ್ನು ತಂದು ತೋರಿಸಿದವರಿಗೆ ಆ ದೇಶಗಳ ಕೇಂದ್ರ ಬ್ಯಾಂಕುಗಳು ಪೂರ್ಣ ಬೆಲೆಯ ಬೇರೆ ನೋಟು ಕೊಡುತ್ತವೆ. ಅರ್ಧ ಅಥವಾ ಅದಕ್ಕಿಂತ ಕಡಿಮೆಯಿದ್ದರೆ, ಉಳಿದ ಭಾಗ ನಾಶವಾಯಿತೆಂದು ಸಿದ್ಧಪಡಿಸಿ ತೋರಿಸಬೇಕು. ಈ ಕಟ್ಟಳೆಯ ಹಿಂದಿನ ತರ್ಕ ಸರಳವಾದುದು. ಒಂದು ನೋಟಿನಲ್ಲಿ ಅರ್ಧಕ್ಕಿಂತ ಹೆಚ್ಚಾದ ತುಂಡು ಒಂದೇ ಇರಲು ಸಾಧ್ಯ. ಆದುದರಿಂದ ಒಂದು ನೋಟಿಗೆ ಎರಡು ಸಲ ಹಣ ಕೊಡುವ ಅಪಾಯವಿಲ್ಲ. ಮೂಲೆ ಹೋದ 10ರ ನೋಟಿಗೂ, ಎರಡು ಭಾಗಗಳೂ ಉಳಿದಿರುವ 5ರ ನೋಟಿಗೂ ಜರ್ಮನಿಯ ಕೇಂದ್ರ ಬ್ಯಾಂಕಿನಲ್ಲಿ ಪೂರ್ಣ ಬೆಲೆಯುಂಟು. ಹುಬ್ಬಳ್ಳಿಯಲ್ಲಿ ಹಿಂದಿರುಗಿಸಲ್ಪಟ್ಟ ನೋಟುಗಳನ್ನೂ ನಾಣ್ಯಗಳನ್ನೂ ಒಂದು ಲಕೋಟೆಯಲ್ಲಿ ಹಾಕಿಟ್ಟು, ಮಗನು ರಜೆಗೆ ಬಂದಾಗ ಅವನ ಕೈಯಲ್ಲಿ ಕೊಟ್ಟರೆ 26 ಯೂರೋ 40 ಸೆಂಟ್‌ಗಳೂ ಉಳಿಯುತ್ತವೆ. ರೂಪಾಯಿಯ ಲೆಕ್ಕದಲ್ಲಿ ಅದು 2,640. ಚೀಲದಲ್ಲಿದ್ದ ಹಣದ ಕಾಲುಭಾಗಕ್ಕಿಂತ ಹೆಚ್ಚು.

ಆದರೆ ಒಂದು ಬಗೆಯ ನೋಟನ್ನು ಮಾತ್ರ ಕೈಯಿಂದ ಮುಟ್ಟಬಾರದು. ಹಣದ ಪೆಟ್ಟಿಗೆಯನ್ನು ಯಾರಾದರೂ ಒಡೆದಾಗ ನೋಟುಗಳ ಮೇಲೆ ಬಣ್ಣದ ಶಾಯಿ ಚಿಮ್ಮುವಂತಹ ಏರ್ಪಾಡು ಯೂರೋಪಿನಲ್ಲಿದೆ. ಅಂಚಿನಿಂದ ಒಳಗೆ ಶಾಯಿ ಹರಡಿದ ನೋಟು ಕದ್ದ ಹಣವಾಗಿರಬಹುದು. ಬ್ಯಾಂಕು ಅದನ್ನು ಹಿಡಿದಿಟ್ಟುಕೊಂಡು ವಿಚಾರಣೆ ನಡೆಸುತ್ತದೆ. ಯಾವ ಅಂಗಡಿಯಲ್ಲಿಯೇ ಆಗಲಿ, ಹಣ ಪಡೆಯುವಾಗಲೇ ನೋಟನ್ನು ಬಿಡಿಸಿ ನೋಡಿ, ಹರಿದುದನ್ನೂ ಶಾಯಿ ಹತ್ತಿದುದನ್ನೂ ಅಲ್ಲಿಯೇ ಹಿಂದಿರುಗಿಸುವುದು ಜಾಣತನ. ಆ ಕ್ಷಣ ಕಳೆದರೆ ಅದು ಪಡೆದವನ ಹೊರೆಯಾಗುತ್ತದೆ.

ಹರಿದ ನೋಟಿಗೆ ಭಾರತದಲ್ಲಿರುವ ನಿಯಮವನ್ನು ಇದರ ಪಕ್ಕದಲ್ಲಿಟ್ಟು ನೋಡಿದರೆ ವಿಷಯ ಇನ್ನೂ ತಿಳಿಯಾಗುತ್ತದೆ. ಪ್ರಯಾಣದ ಚೀಲದ ಜಿಪ್ಪಿಗೆ ಸಿಕ್ಕಿ ರೈತರ 500 ರೂಪಾಯಿಯ ನೋಟೂ ಹರಿಯಿತೆನ್ನೋಣ. ಇದಕ್ಕೆ ಅವರು ಹುಬ್ಬಳ್ಳಿಗೆ ಹೋಗಬೇಕಾಗಿಲ್ಲ. ಮುಂಡಗೋಡದ ಬ್ಯಾಂಕಿನ ಶಾಖೆಗೆ ಹೋದರೆ ಸಾಕು. ಹರಿದ ನೋಟನ್ನು ಪರೀಕ್ಷಿಸಿ ಬದಲಿಸಿಕೊಡುವುದು ಬ್ಯಾಂಕಿನ ಶಾಖೆಗಳ ಕರ್ತವ್ಯ. ಏಕೆಂದರೆ ಅವು ಇಲ್ಲಿ ವ್ಯಾಪಾರಿಗಳಾಗಿ ಅಲ್ಲ, ನೋಟು ಹೊರಡಿಸಿದ ರಿಸರ್ವ್ ಬ್ಯಾಂಕಿನ ಪರವಾಗಿ ಕುಳಿತಿರುತ್ತವೆ. ನೋಟು ಎರಡಾಗಿ ಹರಿದಿದ್ದು, ಎರಡು ತುಂಡುಗಳೂ ಒಂದೇ ನೋಟಿನವಾಗಿ, ಕೂಡಿಸಿದಾಗ ಇಡೀ ನೋಟಾಗುವಂತಿದ್ದರೆ ಪೂರ್ಣ ಬೆಲೆ ಸಿಗುತ್ತದೆ. ಒಂದು ತುಂಡು ಕಳೆದುಹೋಗಿದ್ದರೆ ಉಳಿದ ತುಂಡನ್ನು ಅಳೆಯುತ್ತಾರೆ.

ಈ ಅಳತೆಯ ನಿಯಮಗಳನ್ನು 2009ರಲ್ಲಿ ಮಾಡಿ 2018ರಲ್ಲಿ ತಿದ್ದಲಾಯಿತು. 50 ರೂಪಾಯಿ ಮತ್ತು ಅದಕ್ಕೆ ಮೇಲ್ಪಟ್ಟ ನೋಟಿನಲ್ಲಿ, ಒಂದೇ ತುಂಡು ನೋಟಿನ ಶೇಕಡಾ 80ಕ್ಕಿಂತ ಹೆಚ್ಚಾಗಿದ್ದರೆ ಪೂರ್ಣ ಬೆಲೆ. 40ರಿಂದ 80ರವರೆಗೆ ಇದ್ದರೆ ಅರ್ಧ ಬೆಲೆ. 40ಕ್ಕಿಂತ ಕಡಿಮೆಯಾದರೆ ಏನೂ ಇಲ್ಲ. 20 ರೂಪಾಯಿ ಮತ್ತು ಅದರ ಕೆಳಗಿನ ನೋಟುಗಳಲ್ಲಿ ಅರ್ಧ ಬೆಲೆಯೆಂಬುದಿಲ್ಲ. ಅರ್ಧಕ್ಕಿಂತ ಹೆಚ್ಚು ಭಾಗವಿದ್ದರೆ ಪೂರ್ಣ, ಇಲ್ಲವಾದರೆ ಶೂನ್ಯ.

ಈಗಿನ 500 ರೂಪಾಯಿಯ ನೋಟು 15 ಸೆಂಟಿಮೀಟರ್ ಉದ್ದ, 6.6 ಸೆಂಟಿಮೀಟರ್ ಅಗಲವಾಗಿದೆ. ವಿಸ್ತೀರ್ಣ 99 ಚದರ ಸೆಂಟಿಮೀಟರ್. ನೇರವಾಗಿ ಹರಿದು 12.5 ಸೆಂಟಿಮೀಟರ್ ಉದ್ದದ ತುಂಡು ಉಳಿದಿದ್ದರೆ ಅದರ ವಿಸ್ತೀರ್ಣ 82.5, ಅಂದರೆ ಶೇಕಡಾ 83. ಅದಕ್ಕೆ 500 ರೂಪಾಯಿಯೂ ಸಿಗುತ್ತದೆ. ಉಳಿದುದು 11 ಸೆಂಟಿಮೀಟರ್ ಆಗಿದ್ದರೆ ವಿಸ್ತೀರ್ಣ 72.6, ಶೇಕಡಾ 73. ಅದಕ್ಕೆ 250 ಮಾತ್ರ. ಒಂದೂವರೆ ಸೆಂಟಿಮೀಟರ್ ಕಾಗದದ ಬೆಲೆ 250 ರೂಪಾಯಿಯಾಯಿತು! ಹರಿದ ನೋಟಿನ ಸಣ್ಣ ತುಂಡನ್ನು ಕಸವೆಂದು ಎಸೆಯಬಾರದೆಂಬುದಕ್ಕೆ ಇದಕ್ಕಿಂತ ಬೇರೆ ಕಾರಣ ಬೇಕಿಲ್ಲ. ಸುಟ್ಟು ಕರಿಕಾದ, ಒಂದಕ್ಕೊಂದು ಅಂಟಿ ಬಿಡಿಸಲಾಗದ ನೋಟುಗಳನ್ನು ಶಾಖೆಗಳು ತೆಗೆದುಕೊಳ್ಳುವುದಿಲ್ಲ. ಅವನ್ನು ರಿಸರ್ವ್ ಬ್ಯಾಂಕಿನ ಕಚೇರಿಗೇ ಒಯ್ಯಬೇಕು. ಬೇಕೆಂದೇ ಕತ್ತರಿಸಿದ ನೋಟಿಗೆ ಎಲ್ಲಿಯೂ ಬೆಲೆ ದೊರೆಯುವುದಿಲ್ಲ.

ಪರದೇಶದ ಹಣವನ್ನು ಮನೆಯಲ್ಲಿ ಇಟ್ಟುಕೊಳ್ಳುವುದಕ್ಕೂ ಒಂದು ಕಟ್ಟಳೆಯಿದೆ. ಪ್ರಯಾಣದಿಂದ ಮರಳಿದ ಭಾರತೀಯರು 2,000 ಅಮೆರಿಕನ್ ಡಾಲರುಗಳ ಬೆಲೆಗೆ ಸಮನಾದ ನೋಟುಗಳನ್ನು ಇಟ್ಟುಕೊಳ್ಳಬಹುದು. ಅದಕ್ಕೆ ಮೀರಿದುದನ್ನು ಮರಳಿದ 180 ದಿನಗಳೊಳಗೆ ಅಧಿಕೃತ ವಿನಿಮಯಗಾರರಿಗೆ ಒಪ್ಪಿಸಿ ರೂಪಾಯಿ ಪಡೆಯಬೇಕು. ನಾಣ್ಯಗಳಿಗೆ ಮಾತ್ರ ಇಂತಹ ಮಿತಿ ಇಲ್ಲ, ಎಷ್ಟಾದರೂ ಇಟ್ಟುಕೊಳ್ಳಬಹುದು. ವಿನಿಮಯಗಾರನು ಬೇಡವೆಂದುದನ್ನು ಒಪ್ಪಿಸಿರೆಂದು ಕಾನೂನೂ ಕೇಳುವುದಿಲ್ಲ.

ಹಾಗೆಂದು ಇಟ್ಟುಕೊಂಡ ಹಣಕ್ಕೆ ಎಂದೆಂದಿಗೂ ಬೆಲೆಯಿರುತ್ತದೆಂದು ತಿಳಿಯುವಂತಿಲ್ಲ. ಹೊರಡಿಸಿದವರು ತಮ್ಮ ಮಾತಿಗೆ ಗಡುವನ್ನು ಇಟ್ಟಿದ್ದಾರೆಯೇ ಎಂಬುದನ್ನು ನೋಡಬೇಕು. 2002ರಲ್ಲಿ ಯೂರೋ ನೋಟುಗಳು ಬಂದಾಗ ಜರ್ಮನಿಯ ಮಾರ್ಕ್, ಇಟಲಿಯ ಲಿರಾ, ಫ್ರಾನ್ಸಿನ ಫ್ರಾಂಕ್ ಎಂಬ ಹಳೆಯ ಹಣಗಳು ಚಲಾವಣೆಯಿಂದ ಹೋದವು. ಜರ್ಮನಿ ಗಡುವನ್ನು ಇಡಲಿಲ್ಲ. ಇಂದಿಗೂ ಅದರ ಕೇಂದ್ರ ಬ್ಯಾಂಕು ಹಳೆಯ ಮಾರ್ಕ್ ನೋಟುಗಳನ್ನೂ ನಾಣ್ಯಗಳನ್ನೂ 1.95583 ಮಾರ್ಕಿಗೆ ಒಂದು ಯೂರೋವಿನಂತೆ ಬದಲಿಸಿಕೊಡುತ್ತದೆ. ಇಟಲಿಯ ಲಿರಾಕ್ಕೆ 2011ರ ಡಿಸೆಂಬರಿನಲ್ಲಿಯೂ, ಫ್ರಾನ್ಸಿನ ಫ್ರಾಂಕ್ ನೋಟುಗಳಿಗೆ 2012ರ ಫೆಬ್ರವರಿಯಲ್ಲಿಯೂ ಗಡುವು ಮುಗಿಯಿತು. ಇಂಗ್ಲೆಂಡಿನ ಕಾಗದದ 20 ಮತ್ತು 50 ಪೌಂಡಿನ ನೋಟುಗಳು 2022ರ ಸೆಪ್ಟೆಂಬರ್ 30ರ ಅನಂತರ ಅಂಗಡಿಗಳಲ್ಲಿ ನಡೆಯುವುದಿಲ್ಲ. ಆದರೆ ಬ್ಯಾಂಕ್ ಆಫ್ ಇಂಗ್ಲೆಂಡ್ ಅವನ್ನು ಯಾವಾಗಲಾದರೂ ಬದಲಿಸಿಕೊಡುತ್ತದೆ. ಒಂದೇ ಪೆಟ್ಟಿಗೆಯಲ್ಲಿ ಪಕ್ಕಪಕ್ಕದಲ್ಲಿ ಮಲಗಿರುವ ಮಾರ್ಕ್ ಮತ್ತು ಲಿರಾ ನೋಟುಗಳಲ್ಲಿ ಒಂದಕ್ಕೆ ಜೀವವಿದೆ, ಇನ್ನೊಂದು ಬರಿಯ ಚಿತ್ರ. ಮುಂಡಗೋಡದ ಮನೆಯೊಂದರ ಗೂಡಿನಲ್ಲಿರುವ ಹಳೆಯ ನೋಟು ಯಾವ ಬಗೆಯದೆಂಬುದು ಅದರ ಬಣ್ಣದಿಂದಾಗಲಿ, ಅದರ ಮೇಲಿನ ಅಂಕಿಯಿಂದಾಗಲಿ ತಿಳಿಯುವುದಿಲ್ಲ. ಅದನ್ನು ಹೊರಡಿಸಿದ ದೇಶ, ಅದರ ಮಾದರಿ, ಆ ಮಾದರಿಗೆ ಇಟ್ಟ ಗಡುವು, ಈ ಮೂರನ್ನು ವಿಚಾರಿಸಿದ ಮೇಲೆಯೇ ಅದನ್ನು ಲಕೋಟೆಗೆ ಹಾಕಬೇಕೋ, ಮಕ್ಕಳ ಆಟಿಕೆಯ ಡಬ್ಬಿಗೆ ಹಾಕಬೇಕೋ ಎಂದು ನಿರ್ಧರಿಸಬಹುದು.

ಶಬ್ದಾರ್ಥ

ಚಿನಿವಾರ – ಹಿಂದಿನ ಕಾಲದಲ್ಲಿ ಚಿನ್ನಬೆಳ್ಳಿಯ ನಾಣ್ಯಗಳನ್ನು ಪರೀಕ್ಷಿಸಿ ಬದಲಿಸುತ್ತಿದ್ದವನು
ಒರೆಗಲ್ಲು – ಚಿನ್ನದ ಶುದ್ಧತೆಯನ್ನು ತಿಕ್ಕಿ ನೋಡುವ ಕಲ್ಲು
ನೀರಚ್ಚು – ಬೆಳಕಿಗೆ ಹಿಡಿದಾಗ ಕಾಗದದೊಳಗೆ ಕಾಣುವ ಚಿತ್ರ
ಗಡುವು – ಗೊತ್ತುಪಡಿಸಿದ ಕೊನೆಯ ದಿನ
ಖೋಟಾ – ನಕಲಿಯಾದ

ಅಭ್ಯಾಸ

ಅ) ಒಂದೊಂದು ವಾಕ್ಯದಲ್ಲಿ ಉತ್ತರಿಸಿರಿ.
1. ಪರದೇಶದ ಹಣವನ್ನು ಕೊಳ್ಳುವ ಅಧಿಕಾರ ಯಾರಿಗಿದೆ?
2. ನೂರು ಡಾಲರಿಗೆ ಕಾಲು ಡಾಲರಿನ ಎಷ್ಟು ನಾಣ್ಯಗಳು ಬೇಕು?
3. ‘ಚೇಂಜ್ ಫಾರ್ ಗುಡ್’ ಯೋಜನೆಯನ್ನು ಆರಂಭಿಸಿದ ಸಂಸ್ಥೆ ಯಾವುದು?

ಆ) ನಾಲ್ಕೈದು ವಾಕ್ಯಗಳಲ್ಲಿ ಉತ್ತರಿಸಿರಿ.
1. ಹಿಂದಿನ ಚಿನಿವಾರನು ತೆಗೆದುಕೊಳ್ಳುತ್ತಿದ್ದ ಪರರಾಜ್ಯದ ನಾಣ್ಯವನ್ನು ಇಂದಿನ ವಿನಿಮಯಗಾರನು ಒಲ್ಲದಿರಲು ಕಾರಣವೇನು?
2. ಅರ್ಧಕ್ಕಿಂತ ಹೆಚ್ಚು ಭಾಗವಿರುವ ಯೂರೋ ನೋಟಿಗೆ ಪೂರ್ಣ ಬೆಲೆ ಕೊಡುವುದರಲ್ಲಿ ಅಪಾಯವಿಲ್ಲ, ಏಕೆ?
3. ವಿನಿಮಯಗಾರನು ಒಲ್ಲೆನೆಂದ ನೋಟನ್ನು ಹೊರಡಿಸಿದ ಬ್ಯಾಂಕು ಏಕೆ ಸ್ವೀಕರಿಸುತ್ತದೆ?

ಇ) ಲೆಕ್ಕ ಹಾಕಿ ತಿಳಿಯಿರಿ.
500 ರೂಪಾಯಿಯ ನೋಟಿನ ಒಂದು ತುಂಡು 5 ಸೆಂಟಿಮೀಟರ್ ಉದ್ದ, 6.6 ಸೆಂಟಿಮೀಟರ್ ಅಗಲವಾಗಿದೆ. ಅದರ ಉಳಿದ ತುಂಡು ಕಳೆದುಹೋಗಿದ್ದರೆ ಬ್ಯಾಂಕಿನಲ್ಲಿ ಎಷ್ಟು ಹಣ ದೊರೆಯುವುದು? ಎರಡು ತುಂಡುಗಳೂ ಇದ್ದರೆ ಎಷ್ಟು?